ಸರಕಿಗೆ ಏನೂ ಆಗಿಲ್ಲ, ಆದರೂ 24,000 ಡಾಲರ್ ಕಟ್ಟಿ: ಹಡಗಿನಲ್ಲಿ ಮಾಲು ತರಿಸುವವರು ಇದನ್ನು ಓದಿ

ಹಡಗಿನಲ್ಲಿ ಬೆಂಕಿ ಬಿದ್ದಿದೆ ಎಂದು ಗೊತ್ತಾದಾಗ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: "ನಮ್ಮ ಕಂಟೇನರ್ ಎಲ್ಲಿತ್ತು?" ನಮ್ಮದು ಬೆಂಕಿಯಿಂದ ದೂರ, ಹಡಗಿನ ಮುಂಭಾಗದಲ್ಲಿತ್ತು. ಒಳಗಿದ್ದ ಯಂತ್ರದ ಬಿಡಿಭಾಗಗಳಿಗೆ ಒಂದು ಗೀರೂ ಬಿದ್ದಿರಲಿಲ್ಲ. ಸದ್ಯ ಬಚಾವ್ ಆದೆವು ಅಂದುಕೊಂಡೆವು. ಆಮೇಲೆ ಬಂತು ಒಂದು ಮೇಲ್. ಹಡಗಿನ ಮಾಲೀಕರು 'ಜನರಲ್ ಅವರೇಜ್', ಅಂದರೆ ಎಲ್ಲರೂ ಸೇರಿ ನಷ್ಟ ಹಂಚಿಕೊಳ್ಳುವ ಕ್ರಮ, ಘೋಷಿಸಿದ್ದಾರೆ, ಹಡಗನ್ನು ಕಾಪಾಡಿದ ಸಾಲ್ವೇಜ್ ಕಂಪನಿಗೂ ನೀವು ಭದ್ರತೆ ಕೊಡಬೇಕು, ಎರಡೂ ಆಗುವವರೆಗೆ ಕಂಟೇನರ್ ಬಿಡುವುದಿಲ್ಲ ಅಂತ. ಇನ್‌ವಾಯ್ಸ್ ಬೆಲೆ 80,000 ಡಾಲರ್. ಸಾಲ್ವೇಜ್‌ಗೆ ಅದರ ಶೇಕಡಾ 20, ಜನರಲ್ ಅವರೇಜ್‌ಗೆ ಶೇಕಡಾ 10. ಒಟ್ಟು 24,000 ಡಾಲರ್.

ಇದು ಮೋಸದ ಮೇಲ್ ಇರಬೇಕು ಎಂದು ನಮ್ಮ ಅಕೌಂಟೆಂಟ್ ಹೇಳಿದರು. ಅವರನ್ನು ದೂರುವಂತಿಲ್ಲ, ಓದಿದರೆ ಹಾಗೇ ಅನಿಸುತ್ತದೆ. ಆದರೆ ಅದು ನಿಜವಾದ, ಕಾನೂನುಬದ್ಧ ಬೇಡಿಕೆ. ಶೇಕಡಾ 30 ದೊಡ್ಡದು ಅನಿಸಿದರೆ ಇದನ್ನು ಕೇಳಿ: 2018ರ ಮಾರ್ಚ್‌ನಲ್ಲಿ ಅರಬ್ಬಿ ಸಮುದ್ರದಲ್ಲಿ ಬೆಂಕಿಗೆ ತುತ್ತಾದ 'ಮೇರ್ಸ್ಕ್ ಹೊನಾಮ್' ಹಡಗಿನ ಸರಕಿನವರಿಗೆ ಸಾಲ್ವೇಜ್‌ಗೆ ಶೇಕಡಾ 42.5, ಜನರಲ್ ಅವರೇಜ್‌ಗೆ ಶೇಕಡಾ 11.5 ಭದ್ರತೆ ಕೇಳಿದ್ದರು. ಅಂದರೆ ಮಾಲಿನ ಬೆಲೆಯ ಅರ್ಧಕ್ಕಿಂತ ಜಾಸ್ತಿ.

ಜನರಲ್ ಅವರೇಜ್‌ನ ಹಿಂದಿನ ಲೆಕ್ಕ ತುಂಬಾ ಹಳೆಯದು. ಹಡಗು ಮುಳುಗುವ ಸ್ಥಿತಿಯಲ್ಲಿದ್ದಾಗ ಭಾರ ಇಳಿಸಲು ಯಾರದೋ ಸರಕನ್ನು ಸಮುದ್ರಕ್ಕೆ ಎಸೆದರೆ, ಉಳಿದವರ ಮಾಲು ಉಳಿದದ್ದು ಆತನ ನಷ್ಟದಿಂದ. ಹಾಗಾಗಿ ಎಲ್ಲರೂ ಸೇರಿ ಅವನ ನಷ್ಟ ತುಂಬಿಕೊಡಬೇಕು. ರೋಡ್ಸ್ ದ್ವೀಪದ ಈ ನಿಯಮವನ್ನು ರೋಮನ್ನರು ತಮ್ಮ ಕಾನೂನಿಗೆ ಸೇರಿಸಿಕೊಂಡರು. ಈಗ ಇದು ಯಾರ್ಕ್-ಆಂಟ್ವರ್ಪ್ ನಿಯಮಗಳ ರೂಪದಲ್ಲಿದೆ. 1994ರದ್ದೋ 2016ರದ್ದೋ, ಯಾವ ಆವೃತ್ತಿ ಅನ್ವಯವಾಗುತ್ತದೆ ಎಂಬುದು ನಿಮ್ಮ ಬಿಲ್ ಆಫ್ ಲೇಡಿಂಗ್‌ನ ಹಿಂಬದಿಯ ಸಣ್ಣ ಅಕ್ಷರಗಳಲ್ಲಿರುತ್ತದೆ. ಆ ಸಾಲಿಗೆ ನೀವು ಒಪ್ಪಿಯೇ ಮಾಲು ಹತ್ತಿಸಿರುತ್ತೀರಿ.

ನಷ್ಟ ಹಂಚಿಕೆಯಾಗಬೇಕಾದರೆ ಮೂರು ಸಂಗತಿ ಬೇಕು. ಹಡಗು, ಸರಕು ಎರಡಕ್ಕೂ ಅಪಾಯ ಇರಬೇಕು. ತ್ಯಾಗವನ್ನೋ ಖರ್ಚನ್ನೋ ಬೇಕೆಂದೇ ಮಾಡಿರಬೇಕು. ಅದು ಆ ಸಂದರ್ಭಕ್ಕೆ ಸಮಂಜಸವಾಗಿರಬೇಕು. ಬಿರುಗಾಳಿಗೆ ತಾನಾಗಿಯೇ ಕಂಟೇನರ್ ಸಮುದ್ರಕ್ಕೆ ಬಿದ್ದರೆ ಅದನ್ನು ಯಾರೂ ಹಂಚಿಕೊಳ್ಳುವುದಿಲ್ಲ. ಅದು ಆ ಮಾಲೀಕನ ನಷ್ಟ, ಅಷ್ಟೇ.

ನಮ್ಮ ಹಡಗಿನಲ್ಲಿ ಯಾರೂ ಏನನ್ನೂ ಸಮುದ್ರಕ್ಕೆ ಎಸೆಯಲಿಲ್ಲ. ಹಡಗಿನೊಳಗೆ ಸರಕು ತುಂಬುವ ಒಂದು ಹೋಲ್ಡ್‌ಗೆ ಬೆಂಕಿ ಬಿತ್ತು, ಆರಿಸಲು ನೀರು ತುಂಬಿಸಿದರು. ಅಲ್ಲಿದ್ದ ಸರಕಿನ ಲೆಕ್ಕ ಹೇಗಾಗುತ್ತದೆ ನೋಡಿ. ಬೆಂಕಿಯಲ್ಲಿ ಸುಟ್ಟುಹೋದ ಮಾಲಿಗೆ ಈ ಹಂಚಿಕೆಯಿಂದ ಒಂದು ಪೈಸೆಯೂ ಇಲ್ಲ, ಏಕೆಂದರೆ ಬೆಂಕಿಯನ್ನು ಯಾರೂ ಬೇಕೆಂದು ಹಚ್ಚಿದ್ದಲ್ಲ. ಹೊಗೆಯಿಂದ, ಶಾಖದಿಂದ ಹಾಳಾದದ್ದಕ್ಕೂ ಇಲ್ಲ. ನಿಯಮ ಅದನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ಆರಿಸಲು ಹಾಕಿದ ನೀರಿನಿಂದ ಹಾಳಾದ ಮಾಲಿಗೆ ಮಾತ್ರ ಪರಿಹಾರ ಉಂಟು. ಹೀಗಾಗಿ ಒಂದೇ ಹೋಲ್ಡ್‌ನಲ್ಲಿ ಅಕ್ಕಪಕ್ಕ ಇದ್ದ ಎರಡು ಕಂಟೇನರ್‌ಗಳ ಹಣೆಬರಹ ಬೇರೆ ಬೇರೆ. ಅದೇ ಹಡಗಿನಲ್ಲಿ ಬಟ್ಟೆ ತರಿಸಿದ್ದ ಪರಿಚಯದವರೊಬ್ಬರಿದ್ದರು. ಅವರ ಬಟ್ಟೆ ಪೂರ್ತಿ ಒದ್ದೆ, ಜೊತೆಗೆ ಹೊಗೆಯ ವಾಸನೆ. ಅವರು ತಕ್ಷಣ ಸ್ವಂತ ಸರ್ವೇಯರ್‌ನನ್ನು ಕಳಿಸಿ, ಯಾವ ಪೆಟ್ಟಿಗೆಗೆ ನೀರು, ಯಾವುದಕ್ಕೆ ಬರೀ ಹೊಗೆ ಎಂದು ಬೇರೆ ಬೇರೆ ಬರೆಸಿದರು. 'ಬೆಂಕಿ ಅನಾಹುತದಲ್ಲಿ ಹಾಳು' ಎಂದು ಒಂದೇ ಸಾಲಿನ ವರದಿ ಬರೆಸಿದವರ ಕ್ಲೇಮ್ ಅಲ್ಲೇ ಒದ್ದಾಡುತ್ತದೆ.

ಈಗ ದುಡ್ಡಿನ ಮಾತು. ಇವು ನಮ್ಮ ಹಡಗಿನ ಅಂಕಿಗಳಲ್ಲ, ತಿಳಿಯಲು ಸುಲಭವಾಗಲಿ ಎಂದು ದುಂಡಗೆ ಬರೆಯುತ್ತೇನೆ. ಹಡಗಿನ ಬೆಲೆ 6 ಕೋಟಿ ಡಾಲರ್. ಸರಕಿನ ಬೆಲೆ ಒಟ್ಟು 4 ಕೋಟಿ, ನೀರಿನಿಂದ ಹಾಳಾಗಿ ಪರಿಹಾರ ಸಿಗುವ ಸರಕೂ ಇದರಲ್ಲಿ ಸೇರಿದೆ. ಆ ಹಾಳಾದ ಸರಕಿನ ಬೆಲೆ 20 ಲಕ್ಷ. ಹತ್ತಿರದ ಬಂದರಿಗೆ ಹೋಗಿ ನಿಂತ ಖರ್ಚು, ಸರಕು ಇಳಿಸಿ ಹತ್ತಿಸಿದ ಖರ್ಚು ಇತ್ಯಾದಿ 30 ಲಕ್ಷ. ಹಂಚಬೇಕಾದದ್ದು 50 ಲಕ್ಷ, ಹಂಚಿಕೊಳ್ಳುವ ಆಸ್ತಿ 10 ಕೋಟಿ. ಅಂದರೆ ಪ್ರತಿಯೊಬ್ಬರಿಗೂ ಶೇಕಡಾ 5. ಹಡಗಿನ ಮಾಲೀಕರು 30 ಲಕ್ಷ ಹೊರುತ್ತಾರೆ, ಸರಕಿನವರೆಲ್ಲ ಸೇರಿ 20 ಲಕ್ಷ. 80,000 ಡಾಲರ್ ಮಾಲು ಸುರಕ್ಷಿತವಾಗಿ ಬಂದವರ ಪಾಲು 4,000. 50,000 ಡಾಲರ್ ಬಟ್ಟೆ ನೀರಲ್ಲಿ ಪೂರ್ತಿ ಹೋದವರಿಗೆ 50,000 ಸಿಗುತ್ತದೆ, ಆದರೆ ಅವರೂ ಶೇಕಡಾ 5 ಕೊಡಬೇಕು. ಕೈಗೆ 47,500. ಕಳೆದುಕೊಂಡವನೂ ತನ್ನ ಪಾಲು ಹೊರಲೇಬೇಕು, ಇಲ್ಲದಿದ್ದರೆ ಮಾಲು ಉಳಿದವನಿಗಿಂತ ಅವನೇ ಲಾಭದಲ್ಲಿರುತ್ತಾನೆ ಅಲ್ವಾ? ಪೂರ್ತಿ ಸುಟ್ಟುಹೋದ ಮಾಲಿನವರಿಗೆ ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ.

ಹಾಗಾದರೆ ಮೊದಲೇ ಶೇಕಡಾ 10 ಯಾಕೆ ಕೇಳಿದರು? ಲೆಕ್ಕ ಮುಗಿಯಲು ವರ್ಷಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಮಾಲು ಪಡೆದವರು ಕೈಗೆ ಸಿಗದೇ ಹೋಗಬಹುದು. ಅದಕ್ಕೇ ಅಂದಾಜಿಗಿಂತ ಸ್ವಲ್ಪ ಮೇಲೆಯೇ ಹಿಡಿದಿಟ್ಟುಕೊಳ್ಳುತ್ತಾರೆ. ಉಳಿದದ್ದು ಕೊನೆಗೆ ವಾಪಸ್ ಬರುತ್ತದೆ.

ಸಾಲ್ವೇಜ್ ಇದಕ್ಕಿಂತ ಬೇರೆ. ಅದು ನಿಮಗೂ ಹಡಗು ಕಾಪಾಡಿದ ಕಂಪನಿಗೂ ನಡುವಿನ ವ್ಯವಹಾರ. ನೀವು ಅವರನ್ನು ಕರೆದಿಲ್ಲ ನಿಜ. ಆದರೆ ಕ್ಯಾಪ್ಟನ್‌ಗೆ ಸರಕಿನ ಮಾಲೀಕರ ಪರವಾಗಿ ಒಪ್ಪಂದ ಮಾಡಿಕೊಳ್ಳುವ ಅಧಿಕಾರವನ್ನು 1989ರ ಅಂತರರಾಷ್ಟ್ರೀಯ ಸಾಲ್ವೇಜ್ ಒಪ್ಪಂದವೇ ಕೊಡುತ್ತದೆ. ಏನೂ ಉಳಿಯದಿದ್ದರೆ ಸಾಮಾನ್ಯವಾಗಿ ಪ್ರತಿಫಲವೂ ಇಲ್ಲ. ಉಳಿಸಿದರೆ, ಉಳಿದ ಆಸ್ತಿಯ ಬೆಲೆ, ಅಪಾಯದ ಮಟ್ಟ, ಅವರ ಜಾಣ್ಮೆ, ಖರ್ಚು ಎಲ್ಲ ನೋಡಿ ಪ್ರತಿಫಲ ನಿಗದಿಯಾಗುತ್ತದೆ. ಅದು ಉಳಿದ ಆಸ್ತಿಯ ಬೆಲೆಯನ್ನು ಮೀರುವಂತಿಲ್ಲ. ಭದ್ರತೆ ಸಿಗುವವರೆಗೆ ಉಳಿಸಿದ ಸರಕಿನ ಮೇಲೆ ಅವರಿಗೆ ಹಕ್ಕಿರುತ್ತದೆ. ಅದಕ್ಕೇ ಒಂದೇ ಮಾಲಿಗೆ ಎರಡು ಬೇಡಿಕೆ, ಎರಡು ಬೇರೆ ಬೇರೆ ಕಡೆಯಿಂದ.

ಈಗ ನಮಗೆ ಆದ ಅನ್ಯಾಯಕ್ಕೆ ಬರುತ್ತೇನೆ. ಸರಿಯಾದ ಸರಕು ವಿಮೆ ಇದ್ದವರಿಗೆ ಇದು ಬರೀ ಕಾಗದದ ಕೆಲಸ. ಅವರು ತಮ್ಮ ಪಾಲು ಕೊಡುತ್ತೇವೆ ಎಂಬ 'ಅವರೇಜ್ ಬಾಂಡ್'ಗೆ ಸಹಿ ಹಾಕಿ, ಇನ್‌ವಾಯ್ಸ್ ಲಗತ್ತಿಸಿದರು. ಅವರ ವಿಮಾ ಕಂಪನಿ ಆ ಪಾಲಿಗೆ ತಾನು ಹೊಣೆ ಎಂಬ 'ಅವರೇಜ್ ಗ್ಯಾರಂಟಿ' ಕೊಟ್ಟಿತು, ಸಾಲ್ವೇಜ್‌ಗೂ ಬೇರೆ ಗ್ಯಾರಂಟಿ ಕೊಟ್ಟಿತು. ಮಾಲು ಬಿಡುಗಡೆಯಾಯಿತು. ಸರಕು ವಿಮೆಯ ಸಿದ್ಧ ಷರತ್ತುಗಳಾದ ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಜಸ್‌ನ ಎ, ಬಿ, ಸಿ ಮೂರರಲ್ಲೂ ಈ ಎರಡೂ ಬಾಬ್ತು ಸೇರಿವೆ. ಅತಿ ಕಡಿಮೆ ರಕ್ಷಣೆಯ 'ಸಿ' ಇದ್ದರೂ ಸಾಕಿತ್ತು.

ನಮ್ಮ ಖರೀದಿ ಸಿಐಎಫ್. ಅಂದರೆ ವಿಮೆ ಮಾಡಿಸುವುದು ಮಾರಾಟಗಾರರ ಹೊಣೆ. ಇನ್‌ವಾಯ್ಸ್‌ನಲ್ಲಿ 'ಇನ್ಶೂರೆನ್ಸ್' ಎಂಬ ಸಾಲಿಗೆ ಪ್ರತ್ಯೇಕವಾಗಿ ದುಡ್ಡನ್ನೂ ತೆಗೆದುಕೊಂಡಿದ್ದರು. ಸರ್ಟಿಫಿಕೇಟ್ ಕೇಳಿದಾಗಲೆಲ್ಲ "ಕಳಿಸ್ತೀವಿ" ಅಂದರು. ಬೆಂಕಿ ಬಿದ್ದ ಮೇಲೆ ಕೊನೆಗೂ ಬಂದ ಕಾಗದ ನೋಡಿದರೆ ಅದು ಅವರ ಮಾಲು ಸಾಗಣೆಯ ಏರ್ಪಾಡು ಮಾಡುವ ಫಾರ್ವರ್ಡರ್‌ನ ಹೊಣೆಗಾರಿಕೆ ವಿಮೆ. ಫಾರ್ವರ್ಡರ್ ತಪ್ಪು ಮಾಡಿ ಮಾಲು ಹಾಳಾದರೆ ಆತನನ್ನು ಕಾಪಾಡುವ ಪಾಲಿಸಿ ಅದು. ನಮ್ಮ ಮಾಲಿನ ಮೇಲೆ ವಿಮೆಯೇ ಇರಲಿಲ್ಲ. ಆ ಪಾಲಿಸಿ ಕೊಟ್ಟ ಕಂಪನಿ ನಮ್ಮ ಪರವಾಗಿ ಗ್ಯಾರಂಟಿ ಕೊಡಲು ಒಪ್ಪಲಿಲ್ಲ, ಒಪ್ಪಬೇಕಾದ ಕಾರಣವೂ ಅದಕ್ಕಿರಲಿಲ್ಲ. ಗ್ಯಾರಂಟಿ ಇಲ್ಲದವರಿಗೆ ಉಳಿಯುವುದು ನಗದು. ಅದನ್ನು ಹೊಂದಿಸುವಷ್ಟರಲ್ಲಿ ಕಂಟೇನರ್ ಬಂದರಿನಲ್ಲೇ ಕೂತಿತ್ತು, ಅದರ ಬಾಡಿಗೆ ಬೇರೆ ಏರಿತು. ಆ ತಡದ ನಷ್ಟ ಯಾವ ಹಂಚಿಕೆಗೂ ಸೇರುವುದಿಲ್ಲ.

ಹಾಗಾಗಿ ಸಿಐಎಫ್ ಎಂಬ ಮೂರಕ್ಷರ ನಂಬಿ ಸುಮ್ನೆ ಕೂರಬೇಡಿ. ಮಾಲು ಹಡಗು ಹತ್ತುವ ಮೊದಲೇ ಸರ್ಟಿಫಿಕೇಟ್ ತರಿಸಿ, ಮೂರು ಕಡೆ ಕಣ್ಣು ಹಾಯಿಸಿ. ವಿಮೆ ಮಾಡಿಸಿದ ವಸ್ತುವಿನ ಜಾಗದಲ್ಲಿ ನಿಮ್ಮ ಸರಕಿನ ವಿವರ ಇರಬೇಕು. ಕ್ಲೇಮ್ ಮಾಡುವ ಹಕ್ಕು ನಿಮ್ಮ ಹೆಸರಿಗೋ, ಸರ್ಟಿಫಿಕೇಟ್ ಹಿಡಿದವರಿಗೋ ಇರಬೇಕು. ವಿಮೆಯ ಮೊತ್ತ ಮಾಲಿನ ನಿಜವಾದ ಬೆಲೆಗಿಂತ ಕಡಿಮೆ ಇರಬಾರದು. ಕಡಿಮೆಗೆ ಮಾಡಿಸಿದ್ದರೆ ವಿಮಾ ಕಂಪನಿ ನಿಮ್ಮ ಪಾಲನ್ನು ಅದೇ ಪ್ರಮಾಣದಲ್ಲಿ ಕತ್ತರಿಸಬಹುದು.

ಬೆಲೆಯ ವಿಷಯಕ್ಕೆ ಬಂದದ್ದರಿಂದ ಇನ್ನೊಂದು ಮಾತು. ಸುಂಕ ಉಳಿಸಲು ಬೆಲೆ ಕಡಿಮೆ ಬರೆಸುವವರು ಇದ್ದಾರೆ. ಹಾಗೆ ಬರೆಸಿ ಹಡಗು ಹತ್ತಿಸಿದ ಮಾಲನ್ನು ತ್ಯಾಗ ಮಾಡಿದರೆ ಪರಿಹಾರ ಸಿಗುವುದು ಬರೆಸಿದ ಬೆಲೆಗೆ. ಆದರೆ ನೀವು ಕೊಡಬೇಕಾದ ಪಾಲು ಲೆಕ್ಕವಾಗುವುದು ನಿಜವಾದ ಬೆಲೆಯ ಮೇಲೆ. ಎರಡೂ ಕಡೆ ಏಟು.

"ಬೆಂಕಿ ಹಡಗಿನವರ ತಪ್ಪು, ನಾವ್ಯಾಕೆ ಕೊಡಬೇಕು?" ಎಂದು ನಾವೂ ಕೇಳಿದೆವು. ಅದು ಹುಸಿ ವಾದವಲ್ಲ. 2011ರಲ್ಲಿ ಚೀನಾದ ಷಿಯಾಮೆನ್ ಬಂದರಿನಿಂದ ಹೊರಟು ನೆಲಕ್ಕೆ ತಾಗಿದ 'ಸಿಎಂಎ ಸಿಜಿಎಂ ಲಿಬ್ರಾ' ಹಡಗಿನ ಕೇಸಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರಲ್ಲಿ ಸರಕಿನವರ ಪರ ತೀರ್ಪು ಕೊಟ್ಟಿತು. ಪ್ರಯಾಣದ ಯೋಜನೆಯಲ್ಲೇ ದೋಷವಿತ್ತು, ಅದರಿಂದ ಹಡಗು ಯಾನಕ್ಕೆ ಯೋಗ್ಯವಾಗಿರಲಿಲ್ಲ, ಆದ್ದರಿಂದ ಪಾಲು ಕೊಡಬೇಕಿಲ್ಲ ಎಂದಿತು. ಆದರೆ ಅದು ವರ್ಷಗಳ ನಂತರದ ಜಯ. ಮಾಲು ಇವತ್ತು ಬೇಕಿದ್ದರೆ ಭದ್ರತೆ ಇವತ್ತೇ ಕೊಡಬೇಕು, ಜಗಳ ಆಮೇಲೆ. ಮತ್ತೆ ಈ ವಾದ ಹಡಗಿನ ಮಾಲೀಕರ ಎದುರು ಮಾತ್ರ ನಡೆಯುತ್ತದೆ. ಸಾಲ್ವೇಜ್ ಕಂಪನಿಯದೇನೂ ತಪ್ಪಿಲ್ಲವಲ್ಲ, ಅವರ ಹಣ ಕೊಡಲೇಬೇಕು.

ನಗದು ಕಟ್ಟುವ ಗತಿ ಬಂದರೆ, ಮೇಲ್‌ನಲ್ಲಿ ಬಂದ ಖಾತೆ ಸಂಖ್ಯೆಗೆ ನೇರವಾಗಿ ಹಣ ಹಾಕಬೇಡಿ. ಶಿಪ್ಪಿಂಗ್ ಲೈನ್‌ಗೆ ನೀವೇ ಫೋನ್ ಮಾಡಿ, ಈ ಹಂಚಿಕೆಯ ಲೆಕ್ಕ ಹಾಕುವ ಅಡ್ಜಸ್ಟರ್ ಯಾರು ಎಂದು ಕೇಳಿ, ಅವರ ಕಚೇರಿಯಿಂದ ಖಾತೆಯ ವಿವರ ಖಚಿತಪಡಿಸಿಕೊಳ್ಳಿ. ಠೇವಣಿ ಪ್ರತ್ಯೇಕ ಖಾತೆಯಲ್ಲಿರಬೇಕು. ಅದಕ್ಕೆ ಬಡ್ಡಿ ಬಂದರೆ ಅದೂ ಠೇವಣಿದಾರರ ಲೆಕ್ಕಕ್ಕೇ ಸೇರಬೇಕು. ರಸೀದಿಯ ಮೂಲಪ್ರತಿ ಜೋಪಾನವಾಗಿಡಿ, ನಿಮ್ಮ ವಿಳಾಸ ಬದಲಾದರೆ ಅಡ್ಜಸ್ಟರ್‌ಗೆ ಬರೆದು ತಿಳಿಸಿ. ಲೆಕ್ಕ ಮುಗಿದಾಗ ಹಣ ವಾಪಸ್ ಕೊಡಲು ಅವರು ಕೇಳುವುದು ಆ ರಸೀದಿಯನ್ನೇ.