ನೂರಕ್ಕೆ ಐದು ಅಂದರು, ಬಿದ್ದದ್ದು ಹತ್ತು: ದಿನದ ಕಲೆಕ್ಷನ್ ಸಾಲದ ಲೆಕ್ಕ

ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಮುತ್ತ ಬಂಡಿ ಹಾಕುವವರು, ರಸ್ತೆ ಬದಿಯಲ್ಲಿ ಬುಟ್ಟಿ ಇಟ್ಟು ಕೂರುವವರು ದಯವಿಟ್ಟು ಇದನ್ನು ಓದಿ. ನಮ್ಮಣ್ಣನದು ಹಣ್ಣಿನ ಬಂಡಿ. ರಾತ್ರಿ ಮನೆಯಲ್ಲಿ ಅವನ ಲೆಕ್ಕ ಬರೆಯುವುದು ನಾನು. ಶರಣಬಸವೇಶ್ವರ ಜಾತ್ರೆಗೆ ಸರಕು ಹಾಕಲು ಅವನು ತೆಗೆದುಕೊಂಡ ದಿನದ ಕಲೆಕ್ಷನ್ ಸಾಲ ಮುಂದಿನ ಜಾತ್ರೆ ಹತ್ತಿರ ಬಂದರೂ ತೀರಿರಲಿಲ್ಲ.

ಸಾಲ ಕೊಟ್ಟವರ ಹೆಸರು ಇಲ್ಲಿ ಬೇಡ. ಒಬ್ಬರು ಹೋದರೆ ಇನ್ನೊಬ್ಬರು ಬರುತ್ತಾರೆ, ಲೆಕ್ಕ ಮಾತ್ರ ಅದೇ ಇರುತ್ತದೆ.

ಸಾಲ 10,000 ರೂಪಾಯಿ. ಅದರಲ್ಲಿ 1,500 ಮೊದಲೇ ಕಟ್, ಕೈಗೆ ಬಂದದ್ದು 8,500. ದಿನಕ್ಕೆ 100 ರೂಪಾಯಿಯಂತೆ 100 ದಿನ ಕಟ್ಟಬೇಕು. ಕೈಗೆ ಒಂದು ಕಾರ್ಡ್ ಕೊಟ್ಟರು. ಅಂಗೈಯಗಲದ ದಪ್ಪ ಹಳದಿ ಕಾಗದ, ಅದರ ಮೇಲೆ 100 ಚೌಕ. ದುಡ್ಡು ಕೊಟ್ಟಾಗಲೆಲ್ಲ ಕಲೆಕ್ಷನ್ ಹುಡುಗ ಒಂದು ಚೌಕದಲ್ಲಿ ಗೀಟು ಎಳೆದು ಸಹಿ ಹಾಕುತ್ತಾನೆ. ಬಡ್ಡಿ ದರ ಎಷ್ಟು, ಲೈಸೆನ್ಸ್ ನಂಬರ್ ಏನು, ಆಫೀಸು ಎಲ್ಲಿ, ಒಂದೂ ಅದರಲ್ಲಿ ಇರಲಿಲ್ಲ. ಅಣ್ಣ ಬಡ್ಡಿ ಎಷ್ಟು ಬೀಳುತ್ತೆ ಅಂತ ಕೇಳಿದ್ದಕ್ಕೆ, "ನೂರಕ್ಕ ತಿಂಗಳಿಗೆ ಐದೇ ರೂಪಾಯಿ ಬೀಳ್ತದ್ರೀ ಅಣ್ಣಾರ, ಮೂರು ತಿಂಗಳಿಗೆ ಹದಿನೈದು ಆಯ್ತಲ್ರೀ" ಅಂದರು. ನಮ್ಮ ಕಡೆ ಐದು ರೂಪಾಯಿ ಬಡ್ಡಿ ಅಂದರೆ ಜಾಸ್ತಿಯೇ. ಆದರೆ ಕೇಳಿ ಗಾಬರಿಯಾಗುವಷ್ಟಲ್ಲ.

ಇಲ್ಲೇ ಇದೆ ಮೋಸ. ಮೊದಲನೆಯದು, 10,000 ಯಾವತ್ತೂ ಅಣ್ಣನ ಕೈಗೆ ಬಂದೇ ಇಲ್ಲ. ಬಂದದ್ದು 8,500. ಎರಡನೆಯದು ಇನ್ನೂ ದೊಡ್ಡದು. ಆ 8,500 ಕೂಡ 100 ದಿನ ಅವನ ಹತ್ತಿರ ಉಳಿಯುವುದಿಲ್ಲ. ಮರುದಿನದಿಂದಲೇ ದಿನಾ 100 ರೂಪಾಯಿ ವಾಪಸ್ ಹೋಗುತ್ತಿರುತ್ತದೆ. ಐವತ್ತನೇ ದಿನಕ್ಕೆ ಹೆಚ್ಚುಕಡಿಮೆ ಅರ್ಧ ಅಸಲು ಅವರ ಜೇಬು ಸೇರಿರುತ್ತದೆ. ಆದರೂ ಬಡ್ಡಿ ಕಟ್ ಮಾಡಿದ್ದು ಪೂರ್ತಿ 10,000 ಕೊನೆಯ ದಿನದವರೆಗೂ ನಮ್ಮ ಹತ್ತಿರವೇ ಇರುತ್ತದೆ ಅನ್ನುವ ಹಾಗೆ.

ಇದನ್ನು ವರ್ಷದ ಬಡ್ಡಿಗೆ ತಿರುಗಿಸಲು ಬಾಯಿಲೆಕ್ಕ ಸಾಕು. ಮೊದಲ ದಿನ 8,500 ಇದೆ, ಕೊನೆಯ ದಿನ ಏನೂ ಇಲ್ಲ. ಹಾಗಾಗಿ ಸರಾಸರಿ ನಮ್ಮ ಹತ್ತಿರ ಇದ್ದ ದುಡ್ಡು ಅದರ ಅರ್ಧ, ಅಂದರೆ 4,250. ಅದಕ್ಕೆ ಕೊಟ್ಟ ಬಡ್ಡಿ 1,500. ನೂರಕ್ಕೆ 35 ಆಯಿತು, ಅದೂ ಬರೀ 100 ದಿನಕ್ಕೆ. ವರ್ಷಕ್ಕೆ ಬೇಕಾದರೆ 365ರಿಂದ ಗುಣಿಸಿ 100ರಿಂದ ಭಾಗಿಸಿ. ನೂರಕ್ಕೆ 125ರ ಮೇಲೆ ಹೋಗುತ್ತದೆ. ಬಾಯಿಲೆಕ್ಕ ಸ್ವಲ್ಪ ಜಾಸ್ತಿ ತೋರಿಸುತ್ತದೆ. ಸರಿಯಾದ ಸಂಖ್ಯೆ ಬೇಕಿದ್ದರೆ ಫೋನಿನ ಸ್ಪ್ರೆಡ್‌ಶೀಟ್‌ನಲ್ಲಿ ಇದನ್ನು ಹಾಕಿ:

```
=RATE(100,-100,8500)*365
```

ಮೊದಲನೆಯದು ಎಷ್ಟು ಕಂತು, ಎರಡನೆಯದು ಒಂದು ಕಂತಿನ ದುಡ್ಡು (ಮುಂದೆ ಮೈನಸ್ ಇರಬೇಕು), ಮೂರನೆಯದು ಕೈಗೆ ಬಂದ ದುಡ್ಡು. ಉತ್ತರ 1.21 ಬರುತ್ತದೆ, ಅಂದರೆ ವರ್ಷಕ್ಕೆ ನೂರಕ್ಕೆ 121. ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ ಹತ್ತು ರೂಪಾಯಿ ಬಡ್ಡಿ. ಹೇಳಿದ್ದು ಐದು, ಬಿದ್ದದ್ದು ಹತ್ತು.

ವಾರದ ಕಂತಿಗೂ ಇದೇ ಲೆಕ್ಕ, ಕೊನೆಗೆ ಗುಣಿಸುವುದು 52ರಿಂದ. ನಮ್ಮ ಚಿಕ್ಕಮ್ಮ ತರಕಾರಿ ಮಾರುತ್ತಾಳೆ. ಅವಳೂ 10,000ಕ್ಕೆ ಸಹಿ ಹಾಕಿ 8,500 ತಂದಳು. ಕಟ್ಟಿದ್ದು ವಾರಕ್ಕೆ 1,000ದಂತೆ ಹತ್ತು ವಾರ. ಕಟ್ ಮಾಡಿದ್ದು ಅಷ್ಟೇ 1,500, ಆದರೆ ಸಾಲ ಬೇಗ ಮುಗಿಯುವುದರಿಂದ ದರ ವರ್ಷಕ್ಕೆ ನೂರಕ್ಕೆ 160ರ ಹತ್ತಿರ ಹೋಯಿತು. "ಬೇಗ ಮುಗೀತದ, ಚಲೋ ಅದ" ಅಂತ ಅವಳು ಖುಷಿಯಲ್ಲಿದ್ದಳು ಪಾಪ.

ಇಷ್ಟಕ್ಕೇ ನಿಂತಿದ್ದರೆ ಅಣ್ಣ ಹೇಗೋ ತೀರಿಸುತ್ತಿದ್ದ. ನಿಜ ಹೇಳಬೇಕೆಂದರೆ, ಬೆಳಿಗ್ಗೆ ಹಾಕಿದ ದುಡ್ಡು ಸಂಜೆಗೆ ಲಾಭ ತರುವ ವ್ಯಾಪಾರಕ್ಕೆ 100 ದಿನಕ್ಕೆ 1,500 ಭಾರವೇನಲ್ಲ. ಕಷ್ಟ ಶುರುವಾಗುವುದು ಆ ದುಡ್ಡು ಆಸ್ಪತ್ರೆಗೋ ಮನೆ ಬಾಡಿಗೆಗೋ ಹೋದಾಗ. ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಆದದ್ದೂ ಅದೇ. ಎರಡು ದಿನ ಬಂಡಿ ಹೊರಡದಿದ್ದರೆ ಎರಡು ಚೌಕ ಖಾಲಿ, ಖಾಲಿ ಚೌಕಕ್ಕೆ ಹತ್ತು ರೂಪಾಯಿ ದಂಡ. ಹುಡುಗ ಬೇಕಂತಲೇ ಗಿರಾಕಿ ತುಂಬಿದ ಹೊತ್ತಿಗೆ ಬಂದು, ಬೈಕಿನಿಂದ ಇಳಿಯದೆ ಎಲ್ಲರಿಗೂ ಕೇಳುವ ಹಾಗೆ ಬಾಕಿ ಕೂಗುತ್ತಿದ್ದ.

ಆಮೇಲೆ ಅರವತ್ತು ಚೌಕ ತುಂಬಿದಾಗ ಅವನೇ ಮೆತ್ತಗಾಗಿ, "ಹಳೇದು ಕ್ಲಿಯರ್ ಮಾಡಿ ಹೊಸಾ ಕಾರ್ಡ್ ಕೊಡ್ತೀನ್ರೀ" ಅಂದ. ಈ ಹೊಸ ಕಾರ್ಡೇ ನಿಜವಾದ ಬಲೆ. ಹೊಸ ಸಾಲ ಮತ್ತೆ 10,000. ಹಳೇ ಬಾಕಿ 4,000 ಮುರಿದುಕೊಂಡರು. ಬಡ್ಡಿ ಮೊದಲೇ ಕಟ್ಟಿಸಿಕೊಂಡಿದ್ದರೂ ಬೇಗ ಮುಗಿಸಿದ್ದಕ್ಕೆ ಒಂದು ರೂಪಾಯಿ ವಾಪಸ್ ಇಲ್ಲ. ಮೇಲೆ ಮತ್ತೆ 1,500 ಕಟ್. ಅಣ್ಣನ ಕೈಗೆ ಬಂದದ್ದು 4,500. ಹಾಗೆ ನೋಡಿದರೆ 4,500 ಸಾಲಕ್ಕೆ 10,000ದ ಬಡ್ಡಿ ಕೊಟ್ಟ. ಹಳೇ ಕಾರ್ಡಿನ ನಲವತ್ತು ದಿನ ಹೇಗಿದ್ದರೂ ಕಟ್ಟಲೇಬೇಕಿತ್ತು. ಅದನ್ನು ಬಿಟ್ಟು ಬರೀ ಹೊಸ ದುಡ್ಡಿನ ಲೆಕ್ಕ ಹಾಕಿ: 4,500 ಪಡೆದು, ಕೊನೆಯ ಅರವತ್ತು ದಿನದಲ್ಲಿ 6,000 ಕಟ್ಟುವುದು. ವರ್ಷಕ್ಕೆ ನೂರಕ್ಕೆ 150 ಆಗುತ್ತದೆ. ಇದೇ ಕಾರ್ಡು ಮತ್ತೆ ಮತ್ತೆ ಹೊಸದಾಗುತ್ತಾ ಹೋಯಿತು. ಹೀಗಾಗಿ ವರ್ಷ ಕಳೆದರೂ ಸಾಲ ತೀರಲಿಲ್ಲ. ಕೊನೆಗೆ ಹೊಸ ಕಾರ್ಡ್ ಬೇಡ ಅಂತ ಹೇಳಿ ನೂರೂ ಚೌಕ ತುಂಬಿಸಿದ ಮೇಲೆಯೇ ಅಣ್ಣ ಹೊರಗೆ ಬಂದದ್ದು.

ಕಾನೂನು ಏನು ಹೇಳುತ್ತದೆ ಅನ್ನುವುದೂ ಗೊತ್ತಿರಲಿ. ಕರ್ನಾಟಕದಲ್ಲಿ ಲೈಸೆನ್ಸ್ ಇರುವ ಲೇವಾದೇವಿಯವರು ಅಡವಿಲ್ಲದ ಸಾಲಕ್ಕೆ ವರ್ಷಕ್ಕೆ ನೂರಕ್ಕೆ 16ಕ್ಕಿಂತ ಜಾಸ್ತಿ ಹಾಕುವಂತಿಲ್ಲ. ವಿಪರೀತ ಬಡ್ಡಿ ತಡೆಯಲು 2004ರ ಕಾಯ್ದೆ ಬೇರೆ ಇದೆ. ಸಾಲ ವಸೂಲಿಗೆ ಪೀಡಿಸುವವರಿಗೆ 2025ರಲ್ಲಿ ಬಂದ ಕಿರುಸಾಲ ಕಾನೂನಿನಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಬ್ಯಾಂಕು ಅಥವಾ ಆರ್‌ಬಿಐ ನೋಂದಣಿ ಇರುವ ಫೈನಾನ್ಸ್ ಕಂಪನಿ ಆದರೆ, ಎಲ್ಲ ಫೀ ಸೇರಿಸಿದ ವರ್ಷದ ದರವನ್ನು ಒಂದು ಹಾಳೆಯಲ್ಲಿ ಬರೆದು ಸಹಿಗೆ ಮುಂಚೆಯೇ ಕೊಡಬೇಕು. ಆ ಹಾಳೆ ಕೇಳಿ. ತಡವರಿಸಿದರೆ ಎದ್ದು ಬನ್ನಿ.

ಪಾಲಿಕೆಯ ವ್ಯಾಪಾರಿ ಪ್ರಮಾಣಪತ್ರ ಅಥವಾ ಶಿಫಾರಸು ಪತ್ರ ಇದ್ದವರು ಪಿಎಂ ಸ್ವನಿಧಿಗೆ ಅರ್ಜಿ ಹಾಕಿ. ಮೊದಲ ಸಾಲ ಈಗ 15,000ದವರೆಗೆ ಸಿಗುತ್ತದೆ. ಬ್ಯಾಂಕು ನೂರಕ್ಕೆ 12 ಹಾಕಿದರೂ, 10,000ವನ್ನು ಹನ್ನೆರಡು ತಿಂಗಳ ಕಂತಿನಲ್ಲಿ ತೀರಿಸಿದರೆ ವರ್ಷಪೂರ್ತಿ ಬಡ್ಡಿ 660 ರೂಪಾಯಿ ಆಸುಪಾಸು. ಸರಿಯಾಗಿ ಕಟ್ಟಿದರೆ ಅದರಲ್ಲೂ ಸಬ್ಸಿಡಿ ಇದೆ. ಕೈಗೆ ಬರಲು ದಿನ ಹಿಡಿಯುತ್ತದೆ, ಹಾಗಾಗಿ ಜಾತ್ರೆಗೆ ಬೇಕಿದ್ದರೆ ಜಾತ್ರೆಗೆ ಎರಡು ತಿಂಗಳು ಮುಂಚೆಯೇ ಅರ್ಜಿ ಹಾಕಿ.

ಈಗಾಗಲೇ ಕಾರ್ಡ್ ಕೈಯಲ್ಲಿರುವವರು ದಿನಾ ಸಹಿ ಬಿದ್ದ ಮೇಲೆ ಅದರ ಫೋಟೊ ತೆಗೆದಿಡಿ. ಕೊನೆಯ ಚೌಕ ತುಂಬಿದ ದಿನ ಕಾರ್ಡ್ ವಾಪಸ್ ಕೇಳುತ್ತಾರೆ. ಮೊದಲು ನೀವು ಕೊಟ್ಟಿದ್ದ ಖಾಲಿ ಚೆಕ್ಕು, ಸಹಿ ಮಾಡಿದ ಬಾಂಡ್ ಪೇಪರ್ ನಿಮ್ಮ ಕೈಗೆ ಬರಲಿ, ಆಮೇಲೆ ಕಾರ್ಡ್ ಕೊಡಿ.