ಉದ್ರಿ ಪುಸ್ತಕವೋ, ಡಬಲ್ ಎಂಟ್ರಿಯೋ, ಟ್ಯಾಲಿಯೋ: ಒಂದೇ ದಿನದ ಲೆಕ್ಕ ಮೂರು ಬಗೆಯಲ್ಲಿ

ಬದಿಯಡ್ಕದಂಥ ಪೇಟೆಯಲ್ಲಿ ಮೈಲುತುತ್ತು, ಸುಣ್ಣ, ಪೈಪು ಮಾರುವ ಅಂಗಡಿಯೊಂದನ್ನು ಇಟ್ಟುಕೊಳ್ಳಿ. ಮಳೆಗೆ ಮುಂಚೆ ತೋಟಕ್ಕೆ ಮದ್ದು ಬಿಡುವ ಸಮಯ. ಕೃಷಿಕರು ಸಾಮಾನು ಒಯ್ಯುತ್ತಾರೆ, ಹಣ ಅಡಿಕೆ ಮಾರಿದ ಮೇಲೆ. ಇಂಥ ಅಂಗಡಿಯ ಒಂದು ದಿನದ ವ್ಯವಹಾರವನ್ನು ಮೂರು ಬಗೆಯಲ್ಲಿ ಬರೆದು ನೋಡಿದೆವು. ಸರಳವಾಗಲೆಂದು ಜಿಎಸ್‌ಟಿಯನ್ನು ಬದಿಗಿಟ್ಟಿದ್ದೇವೆ.

ಬೆಳಗ್ಗೆ ಗಲ್ಲಾಪೆಟ್ಟಿಗೆಯಲ್ಲಿ 12,000 ರೂಪಾಯಿ, ಅಂಗಡಿಯಲ್ಲಿ 40,000ದ ಸರಕು. ಎರಡೂ ಸೇರಿ ಮಾಲೀಕರ ಬಂಡವಾಳ 52,000. ಮಂಗಳೂರಿನ ಸಗಟು ವ್ಯಾಪಾರಿಯಿಂದ 30,000ದ ಮೈಲುತುತ್ತು ಸಾಲಕ್ಕೆ ಬಂತು. ನಗದು ಮಾರಾಟ 8,500. ಒಬ್ಬ ಕೃಷಿಕರು 6,000ದ ಸಾಮಾನು ಉದ್ರಿಗೆ ಒಯ್ದರು, ಸಂಜೆ ಅದರಲ್ಲಿ 2,000 ಕೊಟ್ಟರು. ಮಾಲೀಕರು ಮನೆ ಖರ್ಚಿಗೆ 1,000 ತೆಗೆದರು.

ಮೊದಲನೆಯದು ರೂಢಿಯ ಪದ್ಧತಿ: ಒಂದು ನಗದು ಪುಸ್ತಕ, ಒಂದು ಉದ್ರಿ ಪುಸ್ತಕ. ಬರೆಯಲು ಹತ್ತು ನಿಮಿಷ ಸಾಕು. ರಾತ್ರಿ ಪುಸ್ತಕದ ಪ್ರಕಾರ 21,500 ಇರಬೇಕು, ಪೆಟ್ಟಿಗೆಯಲ್ಲೂ ಅಷ್ಟೇ ಇದೆ. ಈಗ ಬೇಕೆಂದೇ ಒಂದು ತಪ್ಪು ಮಾಡಿದೆವು: ಕೃಷಿಕರ 2,000ವನ್ನು ನಗದು ಪುಸ್ತಕಕ್ಕೆ ಹಾಕಿ, ಉದ್ರಿ ಪುಸ್ತಕದಲ್ಲಿ ಕಳೆಯಲಿಲ್ಲ. ನಗದು ಆಗಲೂ ಸರಿಯಾಗಿಯೇ ತಾಳೆಯಾಗುತ್ತದೆ. ತಪ್ಪು ತಿಳಿಯುವುದು ತಿಂಗಳುಗಳ ಮೇಲೆ, ಕೊಟ್ಟ ಹಣವನ್ನೇ ಅವರಲ್ಲಿ ಮತ್ತೆ ಕೇಳಿದಾಗ. ಎರಡು ಪುಸ್ತಕಗಳಿದ್ದರೂ ಒಂದನ್ನೊಂದು ಪರೀಕ್ಷಿಸುವ ದಾರಿ ಇಲ್ಲದ್ದೇ ಇದರ ದೋಷ.

ಡಬಲ್ ಎಂಟ್ರಿ ಆ ದಾರಿಯನ್ನು ಕೊಡುತ್ತದೆ. ಪೆಟ್ಟಿಗೆಗೆ 2,000 ಬಂತು ಎಂದರೆ ಅರ್ಧ ಮಾತು. ಮಾರಾಟದಿಂದ ಬಂತೋ, ಹಳೆ ಬಾಕಿಯಿಂದಲೋ, ಮಾಲೀಕರೇ ಹಾಕಿದರೋ ಎಂಬುದು ಉಳಿದರ್ಧ. ಎಲ್ಲಿಗೆ ಹೋಯಿತೋ ಆ ಖಾತೆಗೆ ಡೆಬಿಟ್, ಎಲ್ಲಿಂದ ಬಂತೋ ಆ ಖಾತೆಗೆ ಕ್ರೆಡಿಟ್, ಎರಡೂ ಕಡೆ ಒಂದೇ ಮೊತ್ತ. ಇಲ್ಲಿ ನಗದು ಖಾತೆಗೆ ಡೆಬಿಟ್, ಕೃಷಿಕರ ಖಾತೆಗೆ ಕ್ರೆಡಿಟ್. ಮೈಲುತುತ್ತು ಬಂದಾಗ ಖರೀದಿಗೆ ಡೆಬಿಟ್, ಸಗಟು ವ್ಯಾಪಾರಿಗೆ ಕ್ರೆಡಿಟ್. ಒಂದು ಪೈಸೆ ಕೈ ಬದಲಾಗದಿದ್ದರೂ ಎರಡು ಖಾತೆ ಬದಲಾಗಿವೆ. ಮಾಲೀಕರ 1,000ವನ್ನು ಅಂಗಡಿ ಖರ್ಚಿಗೆ ಸೇರಿಸಬಾರದು, ಸೇರಿಸಿದರೆ ಲಾಭ ಅಷ್ಟು ಕಡಿಮೆ ಕಾಣುತ್ತದೆ. ಅದಕ್ಕೆ ‘ಡ್ರಾಯಿಂಗ್ಸ್’ ಎಂಬ ಬೇರೆ ಖಾತೆ.

ದಿನದ ಕೊನೆಗೆ ತಾಳೆಪಟ್ಟಿ ಹೀಗೆ:

| ಖಾತೆ | ಡೆಬಿಟ್ | ಕ್ರೆಡಿಟ್ |
|---|---|---|
| ನಗದು | 21,500 | |
| ಆರಂಭದ ಸರಕು | 40,000 | |
| ಖರೀದಿ | 30,000 | |
| ಕೃಷಿಕರ ಬಾಕಿ | 4,000 | |
| ಡ್ರಾಯಿಂಗ್ಸ್ | 1,000 | |
| ಬಂಡವಾಳ | | 52,000 |
| ಮಾರಾಟ | | 14,500 |
| ಸಗಟು ವ್ಯಾಪಾರಿ | | 30,000 |
| ಒಟ್ಟು | 96,500 | 96,500 |

ಅದೇ ತಪ್ಪನ್ನು ಇಲ್ಲಿ ಮಾಡಿದರೆ ಕೃಷಿಕರ ಬಾಕಿ 6,000 ಎಂದೇ ಉಳಿಯುತ್ತದೆ, ಡೆಬಿಟ್ ಬದಿ 98,500 ಆಗುತ್ತದೆ. ವ್ಯತ್ಯಾಸ 2,000, ಆ ಮೊತ್ತದ ನಮೂದನ್ನು ಮೊದಲು ಹುಡುಕಿ. ಸಿಗದಿದ್ದರೆ ವ್ಯತ್ಯಾಸದ ಅರ್ಧವನ್ನು ಹುಡುಕಿ: 2,000ವನ್ನು ಕ್ರೆಡಿಟ್ ಬದಲು ಡೆಬಿಟ್ ಕಡೆಗೆ ಬರೆದಿದ್ದರೆ ವ್ಯತ್ಯಾಸ 4,000 ಆಗಿರುತ್ತದೆ. ವ್ಯತ್ಯಾಸವನ್ನು 9 ಶೇಷವಿಲ್ಲದೆ ಭಾಗಿಸಿದರೆ ಅಂಕಿಗಳು ಅದಲುಬದಲಾಗಿರಬಹುದು: 8,500ರ ಬದಲು 5,800 ಬರೆದರೆ 2,700 ಕಡಿಮೆ ಬೀಳುತ್ತದೆ.

ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲೂ ಇದೇ ಡಬಲ್ ಎಂಟ್ರಿ. ವೋಚರ್ ಪರದೆಯಲ್ಲಿ F6 ಒತ್ತಿ ರಶೀದಿ ವೋಚರ್ ತೆರೆದರೆ ಎರಡೂ ಖಾತೆ ಕೇಳುತ್ತದೆ, ಮೊತ್ತ ಸರಿಹೊಂದದೆ ನಮೂದು ಉಳಿಯುವುದೇ ಇಲ್ಲ. ಹಾಗಾಗಿ ಮೇಲಿನ ತಪ್ಪು ಅಲ್ಲಿ ಆಗದು. ಆದರೆ ಡೆಬಿಟ್ ಯಾವುದು, ಕ್ರೆಡಿಟ್ ಯಾವುದು ಎಂದು ತಿಳಿಯದವರು ಅದೇ ಸರಾಗದಲ್ಲಿ ತಪ್ಪು ಖಾತೆ ಆರಿಸುತ್ತಾರೆ, ಪರದೆ ತಕರಾರು ಮಾಡುವುದಿಲ್ಲ.

ಉದ್ರಿಯೇ ಇಲ್ಲದ ಗೂಡಂಗಡಿಗೆ ನಗದು ಪುಸ್ತಕ ಸಾಕು. ಉದ್ರಿ ಕೊಡುವ, ಸಗಟು ಸಾಲ ತರುವ ಅಂಗಡಿಗೆ ಡಬಲ್ ಎಂಟ್ರಿಯೇ ಬೇಕು. ಹೊಸಬರು ಒಂದು ತಿಂಗಳು ಕಾಗದದಲ್ಲಿ ಬರೆದು, ತಾಳೆಪಟ್ಟಿಯನ್ನು ಕೈಯಾರೆ ಕೂಡಿಸಿ, ಆಮೇಲೆ ಟ್ಯಾಲಿಗೆ ಹೋಗಿ ಎನ್ನುವುದು ನಮ್ಮ ಅಭಿಪ್ರಾಯ.

ಈ ಮೂರೂ ಹಿಡಿಯದ ತಪ್ಪುಗಳಲ್ಲಿ ಎರಡನ್ನು ಗಮನಿಸಿ. ಒಂದು, ಬರೆಯಲು ಪೂರ್ತಿ ಮರೆತ ಉದ್ರಿ ಬಿಲ್ಲು: ಎರಡೂ ಬದಿ ಸಮನಾಗಿಯೇ ಕಡಿಮೆಯಾಗುತ್ತವೆ. ಅದಕ್ಕೆ ಬಿಲ್ಲು ಪುಸ್ತಕದ ಕ್ರಮಸಂಖ್ಯೆಯನ್ನು ದಿನಾ ನೋಡಬೇಕು. ಇನ್ನೊಂದು, ಒಬ್ಬ ಭಟ್ಟರು ಕೊಟ್ಟದ್ದು ಇನ್ನೊಬ್ಬ ಭಟ್ಟರ ಖಾತೆಗೆ ಜಮೆಯಾಗುವುದು. ಖಾತೆ ತೆರೆಯುವಾಗಲೇ ಮನೆ ಹೆಸರು, ಊರು ಸೇರಿಸಿ ಬರೆಯಿರಿ. ಹಣ ಕಟ್ಟಿದವರಿಗೆ ಉಳಿದ ಬಾಕಿಯನ್ನು ಅಲ್ಲೇ ಓದಿ ಹೇಳಿ.