ರಿಲೇ ಎಳೆಯುವ ಟ್ರಾನ್ಸಿಸ್ಟರಿಗೆ ಯಾವ ಬೇಸ್ ರೆಸಿಸ್ಟರ್? 10 ಕಿಲೋ ಓಮ್‌ನಿಂದ 470 ಓಮ್‌ವರೆಗೆ ಹಾಕಿ ನೋಡಿದ ಹೋಲಿಕೆ

ಸಿಂಧನೂರಿನ ಹತ್ತಿರ ನಮ್ಮ ದೊಡ್ಡಪ್ಪನವರ ಗದ್ದೆಯ ಕೃಷಿ ಹೊಂಡಕ್ಕೆ ನೀರೆತ್ತುವ ಮೋಟಾರನ್ನು ತಾನೇ ಚಾಲೂ ಮಾಡಿ ತಾನೇ ನಿಲ್ಲಿಸುವ ಒಂದು ಪೆಟ್ಟಿಗೆಯನ್ನು ಎರಡು ವರ್ಷಗಳ ಹಿಂದೆ ನಾನು ಕಟ್ಟಿಕೊಟ್ಟೆ. ಒಳಗಿದ್ದದ್ದು ಇಷ್ಟೇ: ಪ್ರೋಗ್ರಾಮ್ ಬರೆದು ನಡೆಸುವ ಒಂದು ಇಎಸ್‌ಪಿ8266 ಬೋರ್ಡು, ಒಂದು ಬಿಸಿ547 ಟ್ರಾನ್ಸಿಸ್ಟರ್, 5 ವೋಲ್ಟಿನ ಒಂದು ಸಣ್ಣ ನೀಲಿ ರಿಲೇ. ರಿಲೇಯ ಕಾಂಟ್ಯಾಕ್ಟು ಸ್ಟಾರ್ಟರಿನೊಳಗಿನ ದೊಡ್ಡ ಸ್ವಿಚ್ಚಾದ ಕಾಂಟ್ಯಾಕ್ಟರನ್ನು ಎಳೆಯುತ್ತಿತ್ತು. ಅಕ್ಟೋಬರಿನಲ್ಲಿ ಸರಿಯಾಗಿಯೇ ನಡೆದ ಪೆಟ್ಟಿಗೆ ಡಿಸೆಂಬರಿನಲ್ಲಿ ಹಟ ಹಿಡಿಯಿತು. ದೊಡ್ಡಪ್ಪ ಫೋನಿನಲ್ಲಿ ಹೇಳಿದ ಮಾತು ಹೀಗಿತ್ತು: "ಮುಂಜಾನಿ ಹೊತ್ತು ಟಕ್ ಅನ್ನಂಗಿಲ್ಲ ತಮ್ಮಾ, ಬಿಸಿಲು ಏರಿದ ಮ್ಯಾಲ ತಾನ ಅಂತೈತಿ ನೋಡು."

ಬೆಸುಗೆ ಸಡಿಲವಾಗಿರಬೇಕೆಂದು ನಾನು ಮೊದಲು ಎಲ್ಲ ಜೋಡಣೆಗಳನ್ನೂ ಮತ್ತೆ ಕಾಯಿಸಿದೆ. ಪ್ರಯೋಜನವಾಗಲಿಲ್ಲ. ತಪ್ಪು ಇದ್ದದ್ದು ಟ್ರಾನ್ಸಿಸ್ಟರನ್ನು ಚಾಲೂ ಮಾಡುವ ಕಾಲಾದ ಬೇಸ್‌ಗೆ ನಾನು ಹಾಕಿದ್ದ 10 ಕಿಲೋ ಓಮ್ ರೆಸಿಸ್ಟರಿನಲ್ಲಿ. ಅದನ್ನು ನಾನು 12 ವೋಲ್ಟಿನ ರಿಲೇಗಾಗಿ ಬರೆದಿದ್ದ ಹಳೆಯ ನಕ್ಷೆಯೊಂದರಿಂದ ಎತ್ತಿಕೊಂಡಿದ್ದೆ. ಇದೇ ಅಳತೆಯ 12 ವೋಲ್ಟಿನ ರಿಲೇಯ ಕಾಯಿಲ್ 400 ಓಮ್ ಇರುತ್ತದೆ, ಅದು ಬೇಡುವುದು 30 ಮಿಲಿ ಆಂಪಿಯರ್ ಮಾತ್ರ. 5 ವೋಲ್ಟಿನದು 70 ಓಮ್, ಬೇಡುವುದು 71 ಮಿಲಿ ಆಂಪಿಯರ್. ಹಳೆಯ ನಕ್ಷೆಯಲ್ಲಿ ಬೇಸ್‌ಗೆ ಬರುತ್ತಿದ್ದದ್ದು 5 ವೋಲ್ಟಿನ ಪಿನ್ನಿನಿಂದ, ನನ್ನದರಲ್ಲಿ 3.3 ವೋಲ್ಟಿನ ಪಿನ್ನಿನಿಂದ. ಅಂದರೆ ಬೇಡಿಕೆ ಎರಡು ಪಟ್ಟಿಗಿಂತ ಹೆಚ್ಚಾಗಿತ್ತು, ಪೂರೈಕೆ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ಉಳಿದಿತ್ತು.

ಹಾಗಾಗಿ ಒಂದೇ ರಿಲೇ, ಒಂದೇ 5 ವೋಲ್ಟ್ ಅಡಾಪ್ಟರ್ ಇಟ್ಟುಕೊಂಡು, ಬೇಸ್ ರೆಸಿಸ್ಟರನ್ನು ಮಾತ್ರ ಬದಲಿಸಲು ಎರಡು ಕಾಲಿನ ಸಾಕೆಟ್ ಹಾಕಿ, ನಾಲ್ಕು ಬೆಲೆಗಳನ್ನು ಹೋಲಿಸಿದೆ: 10 ಕಿಲೋ, 4.7 ಕಿಲೋ, 1 ಕಿಲೋ ಮತ್ತು 470 ಓಮ್. ಟ್ರಾನ್ಸಿಸ್ಟರುಗಳು ಎರಡು: ಮೈಮೇಲೆ ಬಿಸಿ547ಬಿ ಎಂದು ಬರೆದಿದ್ದ ಒಂದು, ಬಿಸಿ547ಎ ಎಂದು ಬರೆದಿದ್ದ ಇನ್ನೊಂದು. ಪ್ರತಿ ಸಲ ನೋಡಿದ ಮುಖ್ಯ ಅಳತೆ ಒಂದೇ, ರಿಲೇ ಎಳೆದಿರುವಾಗ ಟ್ರಾನ್ಸಿಸ್ಟರಿನ ಉಳಿದೆರಡು ಕಾಲುಗಳಾದ ಕಲೆಕ್ಟರ್ ಮತ್ತು ಎಮಿಟರ್ ನಡುವೆ ಉಳಿಯುವ ವೋಲ್ಟೇಜು. ಟ್ರಾನ್ಸಿಸ್ಟರು ನಿಜವಾದ ಸ್ವಿಚ್ಚಿನಂತೆ ಪೂರ್ತಿ ಮುಚ್ಚಿಕೊಂಡಿದ್ದರೆ, ಅಂದರೆ ಸ್ಯಾಚುರೇಷನ್‌ನಲ್ಲಿದ್ದರೆ, ಅಲ್ಲಿ 0.2 ವೋಲ್ಟಿಗಿಂತ ಕಡಿಮೆ ಕಾಣಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಅದು ಅರ್ಧವೇ ತೆರೆದ ತೂಬು ಇದ್ದ ಹಾಗೆ: ನೀರು ಹರಿಯುತ್ತದೆ, ಆದರೆ ಎಷ್ಟು ಹರಿಯಬೇಕೆಂಬುದನ್ನು ಕಾಲುವೆಯಲ್ಲ, ತೂಬೇ ನಿರ್ಧರಿಸುತ್ತದೆ.

10 ಕಿಲೋ ಹಾಕಿದಾಗ ಬೇಸ್‌ಗೆ ಹೋಗುವುದು ಕಾಲು ಮಿಲಿ ಆಂಪಿಯರ್. ಮಧ್ಯಾಹ್ನದ 33 ಡಿಗ್ರಿಯಲ್ಲಿ 'ಬಿ' ಟ್ರಾನ್ಸಿಸ್ಟರು ಅದನ್ನು ಹಿಗ್ಗಿಸಿ ಕಾಯಿಲಿಗೆ 48 ಮಿಲಿ ಆಂಪಿಯರ್ ಕೊಟ್ಟಿತು, ಕಲೆಕ್ಟರಿನಲ್ಲಿ 1.5 ವೋಲ್ಟ್ ಉಳಿದಿತ್ತು. ನನ್ನ ರಿಲೇಗೆ ಎಳೆಯಲು ಬೇಕಾದದ್ದು 46 ಎಂದು ಬೇರೆಯಾಗಿ ಅಳೆದು ತಿಳಿದಿದ್ದೆ, ಆದ್ದರಿಂದ ಎರಡೇ ಮಿಲಿ ಆಂಪಿಯರ್ ಅಂತರದಲ್ಲಿ ಅದು ಟಕ್ ಎನ್ನುತ್ತಿತ್ತು. ಮುಂಜಾನೆ 18 ಡಿಗ್ರಿಗೆ ಇಳಿದಾಗ ಟ್ರಾನ್ಸಿಸ್ಟರಿನ ಗೇನ್, ಅಂದರೆ ಬೇಸ್ ಕರೆಂಟನ್ನು ಅದು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು, ಕುಗ್ಗುತ್ತದೆ, ಕಾಯಿಲಿನ ಕರೆಂಟು 44ಕ್ಕೆ ಬಂತು, ರಿಲೇ ಸುಮ್ಮನಿತ್ತು. ದೊಡ್ಡಪ್ಪನ ಮಾತಿಗೆ ಕಾರಣ ಇಲ್ಲಿ ಸಿಕ್ಕಿತು. ಗೇನ್ ಇನ್ನೂ ಕಡಿಮೆಯಿರುವ 'ಎ' ಟ್ರಾನ್ಸಿಸ್ಟರು ಹಾಕಿದಾಗ ಮಧ್ಯಾಹ್ನವೂ ರಿಲೇ ಅಲುಗಲಿಲ್ಲ. ಟ್ರಾನ್ಸಿಸ್ಟರು ಸುಟ್ಟುಹೋಗುವ ಭಯವೇನೂ ಇದರಲ್ಲಿರಲಿಲ್ಲ, ಅದು ಸ್ವಲ್ಪ ಬೆಚ್ಚಗಾಗುತ್ತಿತ್ತು ಅಷ್ಟೇ. ಹಾಗೆ ಏನೂ ಸುಡದೆ, ವಾಸನೆಯೂ ಬಾರದೆ, ದಿನದ ಒಂದು ಹೊತ್ತಿನಲ್ಲಿ ಮಾತ್ರ ಕೈಕೊಡುವ ದೋಷವಾದ್ದರಿಂದಲೇ ಅದು ನನ್ನ ಎರಡು ವಾರಗಳನ್ನು ತಿಂದಿತು.

4.7 ಕಿಲೋ ಇನ್ನಷ್ಟು ಮೋಸದ ಬೆಲೆ. ಮೇಜಿನ ಮೇಲೆ ಎರಡೂ ಟ್ರಾನ್ಸಿಸ್ಟರುಗಳಲ್ಲಿ ರಿಲೇ ಎಳೆಯಿತು, ಮುಂಜಾನೆಯೂ ಎಳೆಯಿತು. ಆದರೆ ಮೀಟರು ಬೇರೆ ಕಥೆ ಹೇಳಿತು: 'ಬಿ'ಯಲ್ಲಿ 0.38 ವೋಲ್ಟ್, 'ಎ'ಯಲ್ಲಿ 0.8 ವೋಲ್ಟ್. ಅಂದರೆ 'ಬಿ' ಸ್ಯಾಚುರೇಷನ್ನಿನ ಹೊಸ್ತಿಲಲ್ಲಿತ್ತು, 'ಎ' ಒಳಗೇ ಹೋಗಿರಲಿಲ್ಲ. ಈ ಸರ್ಕ್ಯೂಟು ನಡೆಯುವುದೋ ಇಲ್ಲವೋ ಎಂಬುದು ಅಂಗಡಿಯವರು ಯಾವ ಡಬ್ಬದಿಂದ ಟ್ರಾನ್ಸಿಸ್ಟರು ತೆಗೆದುಕೊಟ್ಟರು ಎಂಬುದರ ಮೇಲೆ ನಿಂತಿದ್ದರೆ ಅದನ್ನು ಹೊಲದಲ್ಲಿ ಇಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಬಿಸಿ547ರ ಗೇನ್ 110ರಿಂದ 800ರವರೆಗೆ ಎಲ್ಲಿಯಾದರೂ ಇರಬಹುದೆಂದು ಅದರ ಮಾಹಿತಿ ಹಾಳೆ ಹೇಳುತ್ತದೆ, ಅದೂ 2 ಮಿಲಿ ಆಂಪಿಯರ್ ಕಲೆಕ್ಟರ್ ಕರೆಂಟಿನಲ್ಲಿ. 70 ಮಿಲಿ ಆಂಪಿಯರಿಗೆ ಹೋದಾಗ ಅದು ಇನ್ನೂ ಇಳಿಯುತ್ತದೆ.

ಅದೇ ಹಾಳೆಯಲ್ಲಿ ಸ್ಯಾಚುರೇಷನ್ ವೋಲ್ಟೇಜನ್ನು ಬರೆಯುವಾಗ ಮಾತ್ರ ತಯಾರಕರು ಗೇನನ್ನು ನಂಬುವುದಿಲ್ಲ. 100 ಮಿಲಿ ಆಂಪಿಯರಿಗೆ ಬೇಸ್‌ನಲ್ಲಿ 5 ಮಿಲಿ ಆಂಪಿಯರ್ ಕೊಟ್ಟು ಅಳೆಯುತ್ತಾರೆ, ಅಂದರೆ ಇಪ್ಪತ್ತಕ್ಕೆ ಒಂದು. ನಾನೂ ಅದನ್ನೇ ಹಿಡಿದು ಲೆಕ್ಕ ಹಾಕಿದೆ. ಕಾಯಿಲಿಗೆ 71 ಮಿಲಿ ಆಂಪಿಯರ್ ಬೇಕಾದರೆ ಬೇಸ್‌ಗೆ 3.6 ಬೇಕು, ಬೇಸ್ ಮತ್ತು ಎಮಿಟರ್ ನಡುವೆ ಸುಮಾರು 0.75 ವೋಲ್ಟ್ ಕಳೆಯುತ್ತದೆ.

```
R = (3.3 - 0.75) / 0.0036 = 708 Ω
```

ಸಿಗುವ ಹತ್ತಿರದ ಬೆಲೆ 680 ಓಮ್. ನಾನು ಹೋಲಿಸಲು ಕೂತಿದ್ದ ನಾಲ್ಕರಲ್ಲಿ ಅದು ಇರಲಿಲ್ಲ, ಆದ್ದರಿಂದ ಮೊದಲು ಅದರ ಎರಡೂ ಬದಿಯನ್ನು ನೋಡಿದೆ. 1 ಕಿಲೋ ಹಾಕಿದಾಗ ಬೇಸ್‌ಗೆ 2.5 ಮಿಲಿ ಆಂಪಿಯರ್, ಕಲೆಕ್ಟರಿನಲ್ಲಿ 'ಬಿ'ಗೆ 0.16, 'ಎ'ಗೆ 0.19 ವೋಲ್ಟ್. 470 ಹಾಕಿದಾಗ ಬೇಸ್‌ಗೆ ಐದಕ್ಕಿಂತ ತುಸು ಹೆಚ್ಚು, ಕಲೆಕ್ಟರಿನಲ್ಲಿ 0.12 ಮತ್ತು 0.14. ಎರಡೂ ಒಳ್ಳೆಯವೇ. ಎಲ್ಲ ಪುಸ್ತಕಗಳಲ್ಲೂ ಕಾಣುವ 1 ಕಿಲೋ ಬಹುತೇಕ 5 ವೋಲ್ಟಿನ ಪಿನ್ನಿಗೆ ಹೊಂದಿದ ಬೆಲೆ, ಅಲ್ಲಿ ಅದು ನಾಲ್ಕು ಮಿಲಿ ಆಂಪಿಯರಿಗಿಂತ ಹೆಚ್ಚು ಕೊಡುತ್ತದೆ. 3.3 ವೋಲ್ಟಿಗೆ ಬಂದಾಗ ಅದು ನಡೆಯುತ್ತದೆ, ಆದರೆ ಇಪ್ಪತ್ತಕ್ಕೆ ಒಂದರ ಬದಲು ಇಪ್ಪತ್ತೆಂಟಕ್ಕೆ ಒಂದಾಗುತ್ತದೆ. 470ರಲ್ಲಿ ಸಿಗುವ ಹೆಚ್ಚುವರಿ ಲಾಭ ಒಂದು ವೋಲ್ಟಿನ ನೂರರಲ್ಲಿ ನಾಲ್ಕೈದು ಭಾಗ ಮಾತ್ರ, ಅದಕ್ಕಾಗಿ 12 ಮಿಲಿ ಆಂಪಿಯರ್ ಮಿತಿಯಿರುವ ಪಿನ್ನಿನಿಂದ ಹೆಚ್ಚುಕಡಿಮೆ ಅರ್ಧವನ್ನು ಎಳೆಯಬೇಕಾಗುತ್ತದೆ. ನಾನು 680ಕ್ಕೆ ನಿಂತೆ, ಅದರಲ್ಲಿ 'ಬಿ' ಟ್ರಾನ್ಸಿಸ್ಟರಿನ ಮೇಲೆ 0.14 ವೋಲ್ಟ್ ಉಳಿಯಿತು.

ಇಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎಂದು ಕೇಳುವವರು ರಾಯಚೂರಿನ ಮೇ ತಿಂಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಈ ರಿಲೇಗಳು ಹೆಚ್ಚೆಂದರೆ ತಮ್ಮ ವೋಲ್ಟೇಜಿನ ನೂರಕ್ಕೆ 75ರಲ್ಲಿ, ಅಂದರೆ 3.75 ವೋಲ್ಟಿನಲ್ಲಿ, ಎಳೆಯುತ್ತವೆಂದು ಬರೆದಿರುವುದು 20 ಡಿಗ್ರಿಯ ಆಸುಪಾಸಿಗೆ. ತಾಮ್ರದ ತಂತಿಯ ರೋಧ ಪ್ರತಿ ಡಿಗ್ರಿಗೆ ನೂರಕ್ಕೆ 0.39ರಷ್ಟು ಏರುತ್ತದೆ. ಬಿಸಿಲಿನಲ್ಲಿರುವ ಪೆಟ್ಟಿಗೆಯೊಳಗೆ ಗಂಟೆಗಟ್ಟಲೆ ಎಳೆದುಕೊಂಡಿದ್ದ ಕಾಯಿಲ್ 80 ಡಿಗ್ರಿಗೆ ಹೋದರೆ ಅದರ 70 ಓಮ್ ಸುಮಾರು 86 ಆಗುತ್ತದೆ. ಕರೆಂಟು ಒಂದು ಕ್ಷಣ ಹೋಗಿ ಬಂದು ರಿಲೇ ಮತ್ತೆ ಎಳೆಯಬೇಕಾದಾಗ, ಮಿತಿಯ ಅಂಚಿನಲ್ಲಿರುವ ರಿಲೇಗೆ ಬೇಕಾಗುವುದು 3.75 ಅಲ್ಲ, 4.6 ವೋಲ್ಟ್. ಉದ್ದದ ತೆಳು ವೈರಿನಲ್ಲಿ ಅಡಾಪ್ಟರಿನ 5 ವೋಲ್ಟು 4.8ಕ್ಕೆ ಇಳಿದಿದ್ದರೆ, ಟ್ರಾನ್ಸಿಸ್ಟರು 0.14 ಇಟ್ಟುಕೊಂಡಾಗ ಕಾಯಿಲಿಗೆ 4.66 ಸಿಗುತ್ತದೆ, 0.38 ಇಟ್ಟುಕೊಂಡಾಗ 4.42 ಮಾತ್ರ. ಮೊದಲನೆಯದು ಕೂದಲೆಳೆಯಲ್ಲಿ ಎಳೆಯುತ್ತದೆ, ಎರಡನೆಯದು ಎಳೆಯುವುದಿಲ್ಲ. ಬೇಸ್ ಕರೆಂಟು ಸಾಲದಿದ್ದರೆ ಚಳಿಯಲ್ಲಿ ಸೋಲು, ಕಲೆಕ್ಟರಿನಲ್ಲಿ ವೋಲ್ಟೇಜು ಉಳಿದರೆ ಬೇಸಿಗೆಯಲ್ಲಿ ಸೋಲು. 680 ಓಮ್ ಈ ಎರಡನ್ನೂ ಒಟ್ಟಿಗೆ ನೋಡಿಕೊಳ್ಳುತ್ತದೆ.

ಇನ್ನು ರಿಲೇ ಬಿಟ್ಟಾಗ ಕಾಯಿಲಿನಲ್ಲಿ ಏಳುವ ಹಿಮ್ಮುಖ ವೋಲ್ಟೇಜಿನ ಹೊಡೆತವನ್ನು ತಡೆಯುವ ಡಯೋಡಿನ ವಿಷಯ. ಇಲ್ಲಿ ಮೂರು ರೀತಿ ನೋಡಿದೆ. ಪರಿಚಯದವರೊಬ್ಬರ ಆಸಿಲೋಸ್ಕೋಪಿನಲ್ಲಿ ಡಯೋಡ್ ಇಲ್ಲದೆ ರಿಲೇ ಬಿಟ್ಟಾಗ ಕಲೆಕ್ಟರು ಸುಮಾರು 70 ವೋಲ್ಟಿಗೆ ಜಿಗಿಯಿತು, ಬಿಸಿ547ಗೆ ಹೇಳಿರುವ ಮಿತಿ 45. ಒಂದೆರಡು ದಿನ ತಡೆದುಕೊಂಡ ಟ್ರಾನ್ಸಿಸ್ಟರು ಕೊನೆಗೆ ಕಲೆಕ್ಟರ್ ಮತ್ತು ಎಮಿಟರ್ ಒಂದಾಗಿ ಸತ್ತಿತು. ಹೀಗೆ ಸತ್ತಾಗ ರಿಲೇ ಬಿಡುವುದಿಲ್ಲ, ಎಳೆದೇ ಇರುತ್ತದೆ. ಮೇಜಿನ ಮೇಲಾದ್ದರಿಂದ ಸರಿಹೋಯಿತು, ಹೊಲದಲ್ಲಾಗಿದ್ದರೆ ಹೊಂಡ ತುಂಬಿ ಬದುವಿನ ಮೇಲೆ ಹರಿಯುತ್ತಿತ್ತು. ಕಾಯಿಲಿಗೆ ಅಡ್ಡಲಾಗಿ ಒಂದು 1ಎನ್4007 ಹಾಕಿದಾಗ ಕಲೆಕ್ಟರು 5.7 ವೋಲ್ಟಿನಲ್ಲೇ ನಿಂತಿತು, ಆದರೆ ರಿಲೇ ಬಿಡಲು ತೆಗೆದುಕೊಂಡ ಸಮಯ 2 ಮಿಲಿ ಸೆಕೆಂಡಿನಿಂದ 7ಕ್ಕೆ ಏರಿತು. ಡಯೋಡಿನೊಂದಿಗೆ ಸರಣಿಯಲ್ಲಿ 12 ವೋಲ್ಟಿನ ಜೀನರ್ ಸೇರಿಸಿದಾಗ ಸಮಯ 3ಕ್ಕೆ ಇಳಿಯಿತು, ಕಲೆಕ್ಟರು 18 ವೋಲ್ಟು ಮುಟ್ಟಿತು, ಅದೂ 45ರ ಒಳಗೇ ಇದೆ. ಪದೇ ಪದೇ ಬಿಡಬೇಕಾದ ಕೆಲಸಕ್ಕೆ ಜೀನರ್ ಮೇಲು, ಏಕೆಂದರೆ ಕಾಂಟ್ಯಾಕ್ಟು ನಿಧಾನವಾಗಿ ಬಿಟ್ಟಷ್ಟೂ ಕಿಡಿ ಹೆಚ್ಚು ಹೊತ್ತು ಉಳಿಯುತ್ತದೆ. ದಿನಕ್ಕೆ ಎರಡು ಸಲ ಚಾಲೂ ಆಗುವ ಮೋಟಾರಿಗೆ ನಾನು ಬರಿಯ 1ಎನ್4007 ಅನ್ನೇ ಉಳಿಸಿಕೊಂಡೆ.

ಡಯೋಡಿನ ಬಿಳಿ ಪಟ್ಟಿ 5 ವೋಲ್ಟಿನ ಕಡೆಗೇ ಇರಬೇಕು. ತಿರುವಿ ಹಾಕಿದರೆ ಟ್ರಾನ್ಸಿಸ್ಟರು ಚಾಲೂ ಆದ ಕ್ಷಣವೇ ಸಪ್ಲೈ ನೇರವಾಗಿ ಡಯೋಡಿನ ಮೂಲಕ ಹರಿಯುತ್ತದೆ, ರಿಲೇ ಎಳೆಯುವುದಿಲ್ಲ, ಟ್ರಾನ್ಸಿಸ್ಟರು ಬೆರಳಿಟ್ಟರೆ ಸುಡುತ್ತದೆ. ಇನ್ನೊಂದು ಗೊಂದಲವನ್ನೂ ನಾನು ಅನುಭವಿಸಿದ್ದೇನೆ: ಡಯೋಡ್ ಸರಿಯಾಗಿದ್ದರೂ ರಿಲೇ ಬಿಟ್ಟಾಗಲೆಲ್ಲ ಬೋರ್ಡು ರೀಸೆಟ್ ಆಗುತ್ತಿತ್ತು. ಆ ಹೊಡೆತ ರಿಲೇಯ ಕಾಯಿಲಿನದಲ್ಲ, ಸ್ಟಾರ್ಟರಿನೊಳಗಿನ ಕಾಂಟ್ಯಾಕ್ಟರ್ ಕಾಯಿಲಿನದು. ಆ ಕಾಯಿಲಿಗೆ ಹೋಗುವ ವೈರನ್ನು ಕಳಚಿ ರಿಲೇಯನ್ನು ಮಾತ್ರ ಹತ್ತಾರು ಸಲ ಆಡಿಸಿ ನೋಡಿದಾಗ ಒಂದು ಸಲವೂ ರೀಸೆಟ್ ಆಗಲಿಲ್ಲ, ಅದರಿಂದ ಗೊತ್ತಾಯಿತು. ಎಸಿ ಕಾಯಿಲಿಗೆ ಡಯೋಡ್ ನಡೆಯುವುದಿಲ್ಲವಾದ್ದರಿಂದ, ಅದರ ಎರಡು ತುದಿಗಳಿಗೆ 100 ಓಮ್ ರೆಸಿಸ್ಟರನ್ನೂ, ಮೇನ್ಸ್‌ಗೆ ತಕ್ಕ 0.1 ಮೈಕ್ರೋಫ್ಯಾರಡ್ ಎಕ್ಸ್2 ಕೆಪಾಸಿಟರನ್ನೂ ಸರಣಿಯಲ್ಲಿ ಜೋಡಿಸಿದ ಮೇಲೆ ಅದು ನಿಂತಿತು.